ನೆತ್ತಿಗೆ ಪೆಟ್ಟು ಬಿದ್ದು ಮೂರನೇ ದಿನಕ್ಕೆ ಎರಡೂ ಕಣ್ಣು ಊದಿದೆ, ಯಾಕೆ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಮೂರು ದಿನದ ಹಿಂದೆ ನಮ್ಮಣ್ಣ ನೆಲಕ್ಕೆ ಬಿದ್ದ ಕೀಲಿಕೈ ಎತ್ತಿಕೊಂಡು ಸರ್ರನೆ ಎದ್ದ. ಮೇಲೆ ಕಿಟಕಿಯ ಕಬ್ಬಿಣದ ಬಾಗಿಲು ತೆರೆದಿತ್ತು. ಅದರ ಮೂಲೆ ನೆತ್ತಿಯ ಮುಂಭಾಗಕ್ಕೆ ಬಡಿಯಿತು. ಕೂದಲು ಶುರುವಾಗುವ ಜಾಗದಿಂದ ಮೂರು ಬೆರಳು ಹಿಂದೆ. ಗಾಯ ಅಡ್ಡಕ್ಕಿದೆ, ಅಂದರೆ ಈ ಕಿವಿಯಿಂದ ಆ ಕಿವಿ ಕಡೆಗೆ, ಸುಮಾರು 5 ಸೆಂಟಿಮೀಟರ್. ರಕ್ತ ಅಂದರೆ ಎಂಥ ರಕ್ತ! ಮುಖ, ಅಂಗಿ, ನೆಲ ಎಲ್ಲ. ಒಂದು ಟವೆಲ್ ಪೂರ್ತಿ ನೆನೆದು ಹಿಂಡುವ ಹಾಗಾಯಿತು. ನಾನು ಎರಡೆರಡು ನಿಮಿಷಕ್ಕೆ ಟವೆಲ್ ಎತ್ತಿ ನಿಂತಿತಾ ಅಂತ ನೋಡಿದೆ, ಪ್ರತಿಸಲ ಮತ್ತೆ ಚಿಮ್ಮಿತು. ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿ, ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಪ್ರಜ್ಞೆ ತಪ್ಪಿರಲಿಲ್ಲ, ವಾಂತಿ ಇಲ್ಲ, ಹಾಗಾಗಿ ಸ್ಕ್ಯಾನ್ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಎದ್ದರೆ ಎರಡೂ ಕಣ್ಣಿನ ಮೇಲ್ರೆಪ್ಪೆ ಊದಿ ನೀಲಿ ಆಗಿದೆ. ಪೆಟ್ಟು ಬಿದ್ದದ್ದು ನೆತ್ತಿಗೆ, ಕಣ್ಣಿಗೆ ಏನೂ ತಾಗಿಲ್ಲ. ಪಕ್ಕದ ಮನೆಯವರು ನಂಜು ಮೆದುಳಿಗೆ ಏರಿದೆ ಅಂತ ಹೆದರಿಸಿಬಿಟ್ಟರು. ಅಷ್ಟು ರಕ್ತ ಯಾಕೆ ಬಂತು, ಕಣ್ಣು ಯಾಕೆ ಊದಿತು, ಇದು ನಂಜೇ?

ಗೊತ್ತಿರೋನು

ತಲೆಗೆ ರಕ್ತದ ಒತ್ತಡ ಜಾಸ್ತಿ ಇರುತ್ತದೆ, ಮೆದುಳಿಗೆ ಬೇಕಲ್ಲ. ಅದಕ್ಕೇ ಚಿಮ್ಮುತ್ತದೆ. ಮತ್ತೆ ರಕ್ತ ಜಾಸ್ತಿ ಓಡಾಡುವ ಜಾಗದಲ್ಲಿ ನಂಜೂ ಬೇಗ ಹರಡುತ್ತದೆ. ಸಿಂಪಲ್.

ಬೋಳುಗುಡ್ಡ

ನೆತ್ತಿ ವಿಷಯ ಬಂದಿದ್ದು ಒಳ್ಳೇದಾಯ್ತು. ನನಗೆ ಎರಡು ವರ್ಷದಿಂದ ಹೊಟ್ಟು, ಕೆರೆದರೆ ಸಣ್ಣಗೆ ರಕ್ತ. ಯಾವ ಶಾಂಪೂ ಹಾಕಲಿ?

ರಾತ್ರಿಪಾಳಿ

ಬೋಳುಗುಡ್ಡ ಅವರೇ, ಅದಕ್ಕೆ ಬೇರೆ ಎಳೆ ಶುರು ಮಾಡಿ ಪ್ಲೀಸ್.

ಕಿಟಕಿಪಕ್ಕ, ನಾನು ಕ್ಯಾಶುಯಲ್ಟಿಯಲ್ಲಿ ನರ್ಸ್, ಹದಿನಾಲ್ಕು ವರ್ಷ ಆಯ್ತು. ಮೊದಲು ಇದಕ್ಕೆ ಉತ್ತರ ಕೊಡಿ. ಜ್ವರ ಇದೆಯಾ? ರೆಪ್ಪೆ ಮುಟ್ಟಿದರೆ ಬಿಸಿ ಇದೆಯಾ, ಕೆಂಪಗಿದೆಯಾ ಅಥವಾ ಬರೀ ನೀಲಿನಾ? ರೆಪ್ಪೆ ಬಿಡಿಸಿದರೆ ಕಣ್ಣು ಎಲ್ಲಾ ಕಡೆ ಆಡುತ್ತದಾ, ಒಂದು ವಸ್ತು ಎರಡಾಗಿ ಕಾಣುತ್ತದಾ? ಮೂಗಿನಿಂದ ಅಥವಾ ಕಿವಿಯಿಂದ ನೀರಿನ ಹಾಗೆ ಏನಾದರೂ ಸೋರುತ್ತಿದೆಯಾ? ಕಿವಿಯ ಹಿಂದೆ ನೀಲಿ ಇದೆಯಾ?

ಮತ್ತೆ ಟವೆಲ್ ಎತ್ತಿ ಎತ್ತಿ ನೋಡಿದ್ದೇ ತಪ್ಪು. ಎಲ್ಲರೂ ಮಾಡುತ್ತಾರೆ, ಬೈಯುತ್ತಿಲ್ಲ. ನೆತ್ತಿ ಗಾಯವನ್ನು ಅಂಗೈಯಿಂದ ಬುರುಡೆಗೆ ಒತ್ತಿ ಹಿಡಿದು ಗಡಿಯಾರ ನೋಡಿಕೊಂಡು 10 ನಿಮಿಷ ಕೈ ತೆಗೆಯಬಾರದು. ಕೆಳಗೆ ಗಟ್ಟಿ ಮೂಳೆ ಇದೆ, ಒತ್ತುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಮೈಯಲ್ಲಿ ಇನ್ನೊಂದಿಲ್ಲ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಡಬೇಕು. ಬುರುಡೆ ಒಳಕ್ಕೆ ತಗ್ಗಿದ ಹಾಗೆ ಕೈಗೆ ಸಿಕ್ಕರೆ ಮಾತ್ರ ನಡುವೆ ಒತ್ತದೆ ಸುತ್ತ ಒತ್ತಬೇಕು.

ಕಿಟಕಿಪಕ್ಕ

ಜ್ವರ ಇಲ್ಲ, ಈಗಷ್ಟೇ ನೋಡಿದೆ. ರೆಪ್ಪೆ ಬಿಸಿ ಇಲ್ಲ, ನೋವೂ ಇಲ್ಲ ಅಂತಾನೆ. ಬಣ್ಣ ನೇರಳೆಗೆ ತಿರುಗಿದೆ. ಕಣ್ಣು ಆಡುತ್ತದೆ, ಎರಡಾಗಿ ಕಾಣಲ್ಲ. ಮೂಗು, ಕಿವಿ ಸೋರುತ್ತಿಲ್ಲ. ಆದರೆ ಹಣೆ ಸ್ವಲ್ಪ ದಪ್ಪ ಆಗಿದೆ, ಒತ್ತಿದರೆ ನೆನೆದ ಸ್ಪಂಜಿನ ಹಾಗೆ ಬೆರಳಿಗೆ ಸಿಗುತ್ತದೆ.

ಹೊಲಿಗೆಡಾಕ್ಟ್ರು

ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ಬಹಳ ವರ್ಷ ಇದ್ದು ಈಗ ನಿವೃತ್ತ. ಕೊನೆಯ ಸಾಲು ಮುಖ್ಯ. ಹಣೆ ಸ್ಪಂಜಿನ ಹಾಗೆ ಸಿಗುತ್ತದೆ ಅಂದರೆ ಬಹುಪಾಲು ಅದು ನೆತ್ತಿಯಿಂದ ಇಳಿದು ಬಂದ ರಕ್ತ. ಆದರೂ ಒಂದು ಮಾತು ಮೊದಲೇ ಹೇಳುತ್ತೇನೆ. ತಲೆಗೆ ಪೆಟ್ಟು ಬಿದ್ದು ಎರಡೂ ಕಣ್ಣು ಕಪ್ಪಾದರೆ ಬುರುಡೆಯ ತಳ ಬಿರುಕು ಬಿಟ್ಟಿರುವ ಸಾಧ್ಯತೆಯನ್ನು ಯಾರಾದರೂ ಕಣ್ಣಾರೆ ನೋಡಿ ಅಲ್ಲಗಳೆಯಬೇಕು. ಇಲ್ಲಿ ಕೂತು ಬರೆದು ಅಲ್ಲಗಳೆಯಲು ಆಗದು. ಹೊಲಿಗೆ ಹಾಕಿದವರಿಗೇ ಇವತ್ತು ತೋರಿಸಿ.

ನೀವು ಹೊರಡುವಷ್ಟರಲ್ಲಿ ಯಾಕೆ ಹೀಗೆ ಅಂತ ಹೇಳುತ್ತೇನೆ. ಬೆರಳ ತುದಿಗಳನ್ನು ನಿಮ್ಮ ನೆತ್ತಿಗೆ ಒತ್ತಿ ಹಿಂದೆ ಮುಂದೆ ಆಡಿಸಿ. ಬೆರಳಿನ ಜೊತೆ ಚರ್ಮವೂ ಜಾರುತ್ತದೆ ಅಲ್ವಾ? ಹಾಗೆ ಒಟ್ಟಿಗೆ ಜಾರುವುದು ಬರೀ ಚರ್ಮವಲ್ಲ, ಮೂರು ಪದರ. ಮೇಲೆ ಚರ್ಮ. ಅದರ ಕೆಳಗೆ ನಾರುನಾರಾದ ಬಿಗಿ ಪದರ, ಹೆಚ್ಚಿನ ರಕ್ತನಾಳಗಳು ಇರುವುದು ಇದರಲ್ಲಿ. ಅದರ ಕೆಳಗೆ ಗೇಲಿಯಾ ಅನ್ನುವ ಚಪ್ಪಟೆ ಗಟ್ಟಿ ಹಾಳೆ. ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಅವು ಯಾವುದರ ಮೇಲೆ ಜಾರುತ್ತವೋ ಅದು ನಾಲ್ಕನೆಯದು, ಸಡಿಲವಾದ ಜಾಳು ಪದರ. ಅದರ ಕೆಳಗೆ ಮೂಳೆಯನ್ನು ಹೊದ್ದ ತೆಳು ಪೊರೆ, ಅಲ್ಲಿಗೆ ಐದಾಯಿತು. ನಿಮ್ಮಣ್ಣನ ರಕ್ತ ಚಿಮ್ಮಿದ್ದು ಎರಡನೆಯದರಿಂದ. ಕಣ್ಣಿಗೆ ಇಳಿದದ್ದು ನಾಲ್ಕನೆಯದರಲ್ಲಿ.

ಎರಡನೇ_ವರ್ಷ

ಸಾರ್! ಮೊನ್ನೆ ವೈವಾದಲ್ಲಿ ಇದೇ ಕೇಳಿದರು. ಇಂಗ್ಲಿಷಿನಲ್ಲಿ ಸ್ಕಾಲ್ಪ್ ಅಂತ ಬರೆದರೆ ಐದು ಅಕ್ಷರ, ಒಂದೊಂದಕ್ಕೆ ಒಂದೊಂದು ಪದರ ಅಂತ ಕಂಠಪಾಠ ಮಾಡಿದ್ದೆ. ಪದರ ಹೇಳಿದೆ, ಯಾಕೆ ರಕ್ತ ನಿಲ್ಲಲ್ಲ ಅಂದಾಗ ತಡವರಿಸಿದೆ.

ಗೊತ್ತಿರೋನು

ನಾನು ಹೇಳಿದ್ದೇ ತಾನೇ, ಒತ್ತಡ.

ಹೊಲಿಗೆಡಾಕ್ಟ್ರು

ಅಲ್ಲ. ಮಲಗಿದವರ ತಲೆಗೂ ಕೈಗೂ ಒತ್ತಡ ಹೆಚ್ಚುಕಮ್ಮಿ ಒಂದೇ. ನಿಂತಾಗ ತಲೆಗೆ ಇನ್ನೂ ಕಡಿಮೆ.

ಕೈಯಲ್ಲಿ ಒಂದು ಸಣ್ಣ ಧಮನಿ ಕತ್ತರಿಸಿದರೆ ಏನಾಗುತ್ತದೆ? ತುದಿ ರಬ್ಬರಿನ ಹಾಗೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅದರ ಗೋಡೆಯ ಸ್ನಾಯು ಬಿಗಿದು ಬಾಯಿ ಸಣ್ಣದಾಗುತ್ತದೆ, ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೆತ್ತಿಯ ಎರಡನೇ ಪದರದಲ್ಲಿ ಧಮನಿಯ ಗೋಡೆಗೆ ಆ ನಾರುಗಳು ಸುತ್ತಲೂ ಅಂಟಿಕೊಂಡಿರುತ್ತವೆ. ಸಿಮೆಂಟು ಗೋಡೆಯೊಳಗೆ ಹೂತ ಪೈಪು ಕತ್ತರಿಸಿದ ಹಾಗೆ. ಒಳಕ್ಕೆ ಹೋಗಲೂ ಆಗದು, ಮುಚ್ಚಿಕೊಳ್ಳಲೂ ಆಗದು, ಬಾಯಿ ತೆರೆದೇ ನಿಲ್ಲುತ್ತದೆ.

ಇದು ಒಂದು ಕಾರಣ. ಇನ್ನೊಂದು, ಒಂದೊಂದು ಬದಿಗೆ ಐದೈದು ಧಮನಿ ಮೇಲೇರುತ್ತವೆ. ಹಣೆಯಿಂದ ಎರಡು, ಕಿವಿಯ ಮುಂದೆ ಒಂದು, ಕಿವಿಯ ಹಿಂದೆ ಒಂದು, ಹಿಂದಲೆಯಿಂದ ಒಂದು. ಎಲ್ಲವೂ ನೆತ್ತಿಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಎಡಕ್ಕೂ ಬಲಕ್ಕೂ ಸೇರಿ. ಹಾಗಾಗಿ ಕತ್ತರಿಸಿದ ನಾಳದ ಎರಡೂ ತುದಿಯಿಂದ ರಕ್ತ ಬರುತ್ತದೆ. ಒಂದು ಬದಿ ಒತ್ತಿದರೆ ಇನ್ನೊಂದು ಬದಿ ತುಂಬಿಸಿಕೊಡುತ್ತದೆ.

ಗೊತ್ತಿರೋನು

ಹಾಗಾದರೆ ತಲೆ ಸುತ್ತ ಬಿಗಿಯಾಗಿ ಒಂದು ಪಟ್ಟಿ ಕಟ್ಟಿದರೆ ಎಲ್ಲಾ ಧಮನಿಗೂ ಬೀಗ. ಇದಕ್ಕೂ ಅಲ್ಲ ಅಂತೀರಾ?

ಹೊಲಿಗೆಡಾಕ್ಟ್ರು

ಇದಕ್ಕೆ ಅರ್ಧ ಹೌದು. ಧಮನಿಗಳೆಲ್ಲ ಅಂಚಿನಿಂದಲೇ ಮೇಲೇರುವುದರಿಂದ ಹುಬ್ಬಿನ ಮೇಲಿಂದ ಕಿವಿಯ ಮೇಲೆ ಹಾದು ಹಿಂದಲೆ ತನಕ ಸುತ್ತು ಬಿಗಿದರೆ ರಕ್ತ ಇಳಿಯುತ್ತದೆ. ಹಿಂದೆ ಶಸ್ತ್ರಚಿಕಿತ್ಸೆಯಲ್ಲೂ ಹಾಗೆ ಕಟ್ಟುತ್ತಿದ್ದರು. ಆದರೆ ಮನೆಯಲ್ಲಿ ಗಾಯದ ಮೇಲೆ ಒತ್ತುವುದೇ ಸುಲಭ, ಖಚಿತ. ಪಟ್ಟಿ ಜಾರುತ್ತದೆ, ಬಿಗಿಯೂ ಸಾಲುವುದಿಲ್ಲ.

ನಾವು ಆಪರೇಷನ್ ಟೇಬಲ್ಲಿನಲ್ಲಿ ಇನ್ನೊಂದು ಉಪಾಯ ಮಾಡುತ್ತಿದ್ದೆವು. ರಕ್ತ ಚಿಮ್ಮುವ ಸಣ್ಣ ಬಾಯಿಗಳನ್ನು ಒಂದೊಂದಾಗಿ ಹುಡುಕುತ್ತಾ ಕೂರುತ್ತಿರಲಿಲ್ಲ. ಗೇಲಿಯಾದ ಅಂಚನ್ನು ಚಿಮಟದಲ್ಲಿ ಹಿಡಿದು ಹೊರಕ್ಕೆ ಮಗುಚಿಬಿಡುವುದು. ಎರಡನೇ ಪದರ ತಾನೇ ಮಡಚಿ ಹಿಸುಕಿಕೊಂಡು ಹರಿವು ನಿಲ್ಲುತ್ತಿತ್ತು.

ಪುಟ್ಟನಮ್ಮ

ನನ್ನ ಮಗು ಹುಟ್ಟಿದಾಗ ಅದರ ತಲೆಯ ಬಲಭಾಗದಲ್ಲಿ ದೊಡ್ಡ ಗಂಟು, ಅದೂ ರಕ್ತ ಅಂದರು. ನಾನು ರಾತ್ರಿಯಿಡೀ ಅತ್ತಿದ್ದೆ. ಅದು ಕಣ್ಣಿಗೆ ಇಳಿಯಲೇ ಇಲ್ಲವಲ್ಲ, ಎರಡು ತಿಂಗಳಿಗೆ ತಾನೇ ಹೋಯ್ತು. ಅದೂ ನಾಲ್ಕನೇ ಪದರನಾ?

ರಾತ್ರಿಪಾಳಿ

ಇಲ್ಲ ಅಕ್ಕಾ, ಅದು ಐದನೆಯದರ ಕೆಳಗೆ, ಮೂಳೆಗೂ ಪೊರೆಗೂ ಮಧ್ಯೆ. ಆ ಪೊರೆ ಮೂಳೆಗಳ ಕೂಡುಗೆರೆಯಲ್ಲಿ ಗಟ್ಟಿಯಾಗಿ ಅಂಟಿರುತ್ತದೆ, ಹಾಗಾಗಿ ರಕ್ತ ಒಂದು ಮೂಳೆಯ ಗಡಿ ದಾಟುವುದಿಲ್ಲ. ಗಂಟು ಬಲಭಾಗಕ್ಕೇ ನಿಂತಿತ್ತು ಅಂದಿರಲ್ಲ, ಅದೇ ಗುರುತು.

ನವಜಾತ ಶಿಶುವಿಗೆ ನಾಲ್ಕನೇ ಪದರದಲ್ಲಿ ರಕ್ತ ತುಂಬಿದರೆ ನಮಗೆ ನಿಜವಾದ ಭಯ. ಅದು ಗಡಿ ನೋಡುವುದಿಲ್ಲ, ತಲೆಯ ಸುತ್ತ ಹರಡುತ್ತದೆ, ಕಿವಿ ಮುಂದಕ್ಕೆ ಬಾಗುವಷ್ಟು. 3 ಕೆಜಿ ಮಗುವಿನ ಮೈಯಲ್ಲಿ ಒಟ್ಟು ರಕ್ತವೇ ಸುಮಾರು 250 ಮಿಲಿ. ಅದರ ದೊಡ್ಡ ಪಾಲು ಆ ಸಡಿಲ ಜಾಗದಲ್ಲೇ ಹಿಡಿಸುತ್ತದೆ. ಅದಕ್ಕೇ ಗಂಟೆಗಂಟೆಗೂ ತಲೆಯ ಸುತ್ತಳತೆ ಟೇಪಿನಲ್ಲಿ ಅಳೆಯುತ್ತೇವೆ.

ಪುಟ್ಟನಮ್ಮ

ಅಬ್ಬಾ. ಇದು ಆಗ ಗೊತ್ತಿದ್ದರೆ ಇನ್ನೂ ಜಾಸ್ತಿ ಅಳುತ್ತಿದ್ದೆನೋ, ಕಡಿಮೆನೋ ಗೊತ್ತಿಲ್ಲ.

ಹುಳುಕು_ಹುಡುಕೋನು

ಎಲ್ಲ ಸರಿ, ಆದರೆ ಕಣ್ಣಿಗೇ ಯಾಕೆ? ಅಣ್ಣ ರಾತ್ರಿ ಅಂಗಾತ ಮಲಗಿದ್ದರೆ ರಕ್ತ ಹಿಂದಕ್ಕೆ, ಕುತ್ತಿಗೆಗೆ ಇಳಿಯಬೇಕಲ್ಲ. ಭೂಮಿಯ ಸೆಳೆತ ಇವರ ಮನೆಯಲ್ಲಿ ಬೇರೆ ಕಡೆ ಇದೆಯಾ?

ಹೊಲಿಗೆಡಾಕ್ಟ್ರು

ಒಳ್ಳೆಯ ಪ್ರಶ್ನೆ, ವೈವಾದಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಗೇಲಿಯಾಕ್ಕೆ ಹಿಂದೆ ಒಂದು ಸ್ನಾಯು, ಮುಂದೆ ಹಣೆಯಲ್ಲಿ ಒಂದು ಸ್ನಾಯು. ಹಿಂದಿನದು ಹಿಂದಲೆಯ ಮೂಳೆಗೆ ಕಚ್ಚಿಕೊಂಡಿದೆ, ಹಾಗಾಗಿ ಆ ಬಾಗಿಲು ಮುಚ್ಚಿದೆ. ಪಕ್ಕದಲ್ಲಿ, ಕಪೋಲದ ಮೇಲ್ಭಾಗದಲ್ಲೂ, ಅದು ಗಟ್ಟಿಯಾಗಿ ಬಿಗಿದುಕೊಂಡಿದೆ. ಹಣೆಯ ಸ್ನಾಯು ಮಾತ್ರ ಮೂಳೆಗೆ ಅಂಟಿಲ್ಲ, ಹುಬ್ಬಿನ ಹತ್ತಿರದ ಚರ್ಮಕ್ಕೆ ಅಂಟಿದೆ. ಹುಬ್ಬು ಹಾರಿಸಲು ಆಗುವುದೇ ಅದರಿಂದ. ಅಂದರೆ ಜಾಳು ಪದರಕ್ಕೆ ಮುಂದೆ ಗೋಡೆ ಇಲ್ಲ, ಅದು ನೇರ ಮೇಲ್ರೆಪ್ಪೆಗೆ ತೆರೆದುಕೊಂಡಿದೆ. ಮಲಗಿದಾಗ ಹಿಂದೆ ಸೇರಿದ ರಕ್ತ ಎದ್ದು ಕೂತಾಗ ಸಾವಕಾಶ ಮುಂದಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ಮೂರು ದಿನ ತಡ. ಕಣ್ಣಿಗೇ ನೇರ ಗುದ್ದಿದ್ದರೆ ಅವತ್ತೇ ಊದುತ್ತಿತ್ತು.

ಹುಳುಕು_ಹುಡುಕೋನು

ಸರಿ, ಒಪ್ಪಿದೆ. ಈಗ ಹುಬ್ಬು ಹಾರಿಸುತ್ತಾ ಕೂತಿದ್ದೇನೆ.

ಬೋಳುಗುಡ್ಡ

ನಾನೂ.

ಎರಡನೇ_ವರ್ಷ

ನಂಜಿನ ಕಥೆ ಬಾಕಿ ಇದೆ. ನಾಲ್ಕನೇ ಪದರವನ್ನು ಅಪಾಯದ ಪದರ ಅಂತಾರೆ, ಯಾಕೆಂದರೆ ಅಲ್ಲಿನ ಕೆಲವು ಸಿರೆಗಳು ಬುರುಡೆಯ ಸಣ್ಣ ತೂತುಗಳ ಮೂಲಕ ಒಳಗಿನ ದೊಡ್ಡ ಸಿರೆಗಳಿಗೆ ಸೇರುತ್ತವೆ. ಅವಕ್ಕೆ ಕವಾಟ ಇಲ್ಲ, ರಕ್ತ ಎರಡೂ ದಿಕ್ಕಿಗೆ ಓಡಬಹುದು. ಕೀವು ಆ ಪದರಕ್ಕೆ ಇಳಿದರೆ ಸಿರೆ ಹಿಡಿದುಕೊಂಡು ಮೂಳೆಗೆ, ಮೆದುಳಿನ ಹೊದಿಕೆಗೆ ಹೋಗಬಹುದು. ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಗೊತ್ತಿರೋನು

ನೋಡಿ! ರಕ್ತ ಓಡಾಡುವ ಕಡೆ ನಂಜು ಓಡುತ್ತದೆ ಅಂದಿದ್ದೆ.

ರಾತ್ರಿಪಾಳಿ

ಉಲ್ಟಾ ಅಣ್ಣಾ. ರಕ್ತ ಚೆನ್ನಾಗಿ ಹರಿಯುವುದರಿಂದಲೇ ನೆತ್ತಿ ಗಾಯ ಬೇಗ ಮಾಯುತ್ತದೆ, ಕೀವು ತುಂಬುವುದು ಕಾಲಿನ ಗಾಯಕ್ಕೆ ಹೋಲಿಸಿದರೆ ಬಲು ಅಪರೂಪ. ತೊಂದರೆ ಹರಿವಿನಲ್ಲಿಲ್ಲ, ಖಾಲಿ ಜಾಗದಲ್ಲಿದೆ. ತಲೆಯಲ್ಲಿ ಕುರು ಎದ್ದವರಿಗೆ ಗೊತ್ತು, ಹೆಸರುಕಾಳಿನಷ್ಟು ಗುಳ್ಳೆಗೆ ಪ್ರಾಣ ಹೋಗುವ ನೋವು. ಅದು ಎರಡನೇ ಪದರ, ಊದಲು ಜಾಗವೇ ಇಲ್ಲ, ಹಾಗಾಗಿ ಅಲ್ಲೇ ನಿಲ್ಲುತ್ತದೆ. ನಾಲ್ಕನೆಯದರಲ್ಲಿ ಕೀವಿಗೆ ಜಾಗ ಬೇಕಾದಷ್ಟು. ಸದ್ದಿಲ್ಲದೆ ಹರಡುತ್ತದೆ, ನೋವು ಆಮೇಲೆ ಬರುತ್ತದೆ. ನೋವು ಕಡಿಮೆ ಅಂತ ಸುಮ್ನೆ ಕೂರಬಾರದು ಅನ್ನುವುದು ಇದಕ್ಕೇ.

ಇಂಥದ್ದೊಂದು ನಾನೇ ನೋಡಿದ್ದೇನೆ. ಬಿದ್ದು ತಲೆ ಒಡೆದಿದ್ದ ಒಬ್ಬರು, ರಕ್ತ ನಿಲ್ಲಲಿ ಅಂತ ಗಾಯಕ್ಕೆ ಕೈಗೆ ಸಿಕ್ಕ ಪುಡಿ ತುಂಬಿ ಬಟ್ಟೆ ಕಟ್ಟಿಕೊಂಡು ಐದನೇ ದಿನ ಬಂದರು. ಗಾಯ ಮೇಲೆ ಒಣಗಿತ್ತು, ಚಿಕ್ಕದು. ಸುತ್ತಲಿನ ತಲೆ ಮಾತ್ರ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗೆ, ಬಿಸಿ. ಹಕ್ಕಳೆ ತೆಗೆದು ಹಣೆಯ ಕಡೆಯಿಂದ ಒತ್ತಿದರೆ ಅಂಗೈ ದೂರದಿಂದ ಕೀವು ಹರಿದು ಬಂತು. ಒಳಗೆ ಆ ಪುಡಿಯೂ ಕೂದಲೂ. ತೆರೆದು, ತೊಳೆದು, ವಾರಗಟ್ಟಲೆ ಡ್ರೆಸ್ಸಿಂಗ್ ಮಾಡಬೇಕಾಯಿತು. ಮೆದುಳಿಗೆ ಹೋಗಲಿಲ್ಲ, ಅದೊಂದು ಅದೃಷ್ಟ.

ಕಿಟಕಿಪಕ್ಕ

ಬಂದೆವು. ಸ್ಕ್ಯಾನ್ ಮಾಡಿದರು, ಬಿರುಕು ಇಲ್ಲ, ಒಳಗೆ ರಕ್ತ ಇಲ್ಲ. ಉಸಿರು ಬಿಟ್ಟೆ. ಬುರುಡೆಗೂ ಗೇಲಿಯಾಕ್ಕೂ ಮಧ್ಯೆ ತೆಳ್ಳಗೆ ರಕ್ತ ಹಣೆ ತನಕ ಹರಡಿದೆ ಅಂತ ಫಿಲ್ಮ್ ತೋರಿಸಿದರು. ಸೂಜಿ ಹಾಕಿ ತೆಗೆಯುವುದು ಬೇಡ, ಸುಮ್ಮನೆ ತೂತು ಮಾಡಿದರೆ ನಂಜಿಗೆ ದಾರಿ, ತಾನೇ ಹೀರಿಕೊಳ್ಳುತ್ತದೆ ಅಂದರು. ತಲೆಗೆ ಒತ್ತಿ ಬ್ಯಾಂಡೇಜು ಸುತ್ತಿದ್ದಾರೆ. ಎರಡು ದಿಂಬು ಹಾಕಿ ಮಲಗಲು ಹೇಳಿದ್ದಾರೆ.

ಆದರೆ ಅಲ್ಲಿದ್ದ ಇನ್ನೊಬ್ಬರು ಗಾಯ ನೋಡಿ, ಮೊದಲ ದಿನ ಬರೀ ಚರ್ಮ ಹೊಲಿದಿದ್ದಾರೆ, ಗೇಲಿಯಾ ಹೊಲಿದಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ ಅಂದರು. ಹಾಗಾದರೆ ತಪ್ಪಾಯ್ತಾ?

ಹೊಲಿಗೆಡಾಕ್ಟ್ರು

ಕಾಣದೆ ತೀರ್ಪು ಕೊಡಲಾರೆ. ನಿಯಮ ಹೀಗಿದೆ: ಗೇಲಿಯಾ ಅಡ್ಡಕ್ಕೆ ಕತ್ತರಿಸಿದ್ದರೆ ಮುಂದಿನ ಸ್ನಾಯು ಮುಂದಕ್ಕೆ, ಹಿಂದಿನದು ಹಿಂದಕ್ಕೆ ಎಳೆದು ಗಾಯ ಬಾಯಿ ಬಿಡುತ್ತದೆ. ಉದ್ದಕ್ಕೆ ಕತ್ತರಿಸಿದ್ದರೆ ಅಷ್ಟು ಬಿಡುವುದಿಲ್ಲ. ನಿಮ್ಮಣ್ಣನದು ಅಡ್ಡ ಗಾಯ. ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಬಿಟ್ಟುಕೊಂಡಿದ್ದರೆ ನಾನಾಗಿದ್ದರೆ ಗೇಲಿಯಾವನ್ನು ಕರಗುವ ದಾರದಲ್ಲಿ ಬೇರೆ ಹೊಲಿಯುತ್ತಿದ್ದೆ. ರಕ್ತ ನಿಲ್ಲುತ್ತದೆ, ನಾಲ್ಕನೇ ಪದರದ ಬಾಗಿಲೂ ಮುಚ್ಚುತ್ತದೆ. ಅರಿವಳಿಕೆ ಕೊಟ್ಟ ಮೇಲೆ ಕೈಗವಸಿನ ಬೆರಳು ಒಳಗೆ ಹಾಕಿ ಗೇಲಿಯಾ ಹರಿದಿದೆಯಾ, ಮೂಳೆ ನುಣ್ಣಗಿದೆಯಾ ಅಂತ ತಡವಿ ನೋಡಬೇಕು. ಆತುರದಲ್ಲಿ ಬಿಟ್ಟುಹೋಗುವುದು ಇದೇ ಹೆಜ್ಜೆ.

ರಾತ್ರಿಪಾಳಿ

ಸಾರ್, ನಾನು ಒಪ್ಪಲ್ಲ ಅಂತಲ್ಲ, ಆದರೆ ಈಗ ಎಷ್ಟೋ ಕಡೆ ದಪ್ಪ ದಾರದಲ್ಲಿ ಎಲ್ಲಾ ಪದರ ಸೇರಿಸಿ ಒಂದೇ ಹೊಲಿಗೆ ಹಾಕುತ್ತಾರೆ, ಇಲ್ಲ ಸ್ಟೇಪಲ್ ಒತ್ತುತ್ತಾರೆ, ಚೆನ್ನಾಗೇ ಮಾಯುತ್ತದೆ.

ಹೊಲಿಗೆಡಾಕ್ಟ್ರು

ಎಲ್ಲಾ ಪದರ ಸೂಜಿಗೆ ಸಿಕ್ಕರೆ ಸರಿ. ಸ್ಟೇಪಲ್ ಗೇಲಿಯಾ ತನಕ ಇಳಿಯುವುದಿಲ್ಲ, ಅದು ಮೇಲಿನ ಗಾಯಕ್ಕೆ. ಇದರ ಬಗ್ಗೆ ನಾನೂ ನಮ್ಮ ಹಳೇ ಸಿಸ್ಟರೂ ಎಷ್ಟೋ ರಾತ್ರಿ ಜಗಳ ಆಡಿದ್ದೇವೆ, ಇಲ್ಲೂ ಮುಗಿಯುವುದಿಲ್ಲ ಬಿಡಿ.

ಹುಳುಕು_ಹುಡುಕೋನು

ಕೂದಲು ಬೋಳಿಸಬೇಕಾ ಬೇಡ್ವಾ? ನನಗೆ ಚಿಕ್ಕಂದಿನಲ್ಲಿ ಅರ್ಧ ತಲೆ ಬೋಳಿಸಿದ್ದರು, ಗಾಯಕ್ಕಿಂತ ಅದೇ ನೋವು.

ರಾತ್ರಿಪಾಳಿ

ಈಗ ಬೋಳಿಸಲ್ಲ. ರೇಜರ್ ಚರ್ಮ ಗೀರಿ ಕೀಟಾಣುವಿಗೆ ಇನ್ನಷ್ಟು ಬಾಗಿಲು ಮಾಡುತ್ತದೆ. ಕೂದಲನ್ನು ಮುಲಾಮು ಹಚ್ಚಿ ಪಕ್ಕಕ್ಕೆ ಒರಗಿಸಿದರೆ ಸಾಕು, ತೀರಾ ಅಡ್ಡ ಬಂದರೆ ಕತ್ತರಿಯಲ್ಲಿ ಮೋಟು ಮಾಡಬಹುದು. ರಕ್ತ ನಿಂತ ಚಿಕ್ಕ ಗಾಯಕ್ಕೆ ಎರಡೂ ಕಡೆಯ ಕೂದಲನ್ನೇ ತಿರುಚಿ ಅಂಟು ಹಾಕಿ ಮುಚ್ಚುವುದೂ ಉಂಟು.

ಕಿಟಕಿಪಕ್ಕ

ಒಂದು ವಾರದ ಮೇಲೆ ಅಪ್ಡೇಟ್. ಕಣ್ಣಿನ ಊತ ಐದನೇ ದಿನಕ್ಕೆ ಇಳಿಯಿತು. ನೇರಳೆ ಹೋಗಿ ಹಸಿರು, ಈಗ ಹಳದಿ, ಬಣ್ಣ ಕೆನ್ನೆ ತನಕ ಇಳಿದಿದೆ. ಜ್ವರ ಬರಲೇ ಇಲ್ಲ. ನಿನ್ನೆ ಹೊಲಿಗೆ ಬಿಚ್ಚಿದರು.

ಒಂದು ಮಾತ್ರ ಉಳಿದಿದೆ. ಗಾಯದ ಹಿಂದೆ, ನಡುನೆತ್ತಿ ತನಕ, ಅಂಗೈಯಷ್ಟು ಜಾಗ ಜೋಮು ಹಿಡಿದಿದೆ. ಬಾಚಣಿಗೆ ಆಡಿಸಿದರೆ ಬೇರೆಯವರ ತಲೆ ಬಾಚಿದ ಹಾಗೆ ಅನ್ನುತ್ತಾನೆ. ಗಾಯದ ಮುಂದೆ ಸರಿಯಾಗಿದೆ.

ಹೊಲಿಗೆಡಾಕ್ಟ್ರು

ಹುಬ್ಬಿನ ಮೇಲಿಂದ ಹೊರಟ ನರಗಳು ಮುಂದಿನಿಂದ ಹಿಂದಕ್ಕೆ ಓಡುತ್ತವೆ. ಅಡ್ಡ ಗಾಯ ಅವನ್ನು ಕತ್ತರಿಸಿದೆ, ಹಾಗಾಗಿ ಹಿಂದಿನ ಭಾಗ ಜೋಮು. ಕೆಲವು ತಿಂಗಳಲ್ಲಿ ಅಂಚಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪ ಮರಳಬಹುದು, ಮಧ್ಯೆ ಒಂದಷ್ಟು ಹಾಗೇ ಉಳಿಯಲೂಬಹುದು. ಮರಳುವಾಗ ಇರುವೆ ಹರಿದ ಹಾಗೆ ಆಗುತ್ತದೆ, ಕೆರೆಯಬೇಡ ಅನ್ನಿ.

ಇನ್ನೊಂದು. ಬಣ್ಣ ಇಳಿದ ಮೇಲೂ ಹಣೆಯಲ್ಲಿ ಒಂದು ಜಾಗ ಮತ್ತೆ ಮೆತ್ತಗೆ ಉಬ್ಬಿ, ಒತ್ತಿದರೆ ನೋವು, ಜೊತೆಗೆ ಜ್ವರವೋ ಬಿಡದ ತಲೆನೋವೋ ಬಂದರೆ ಅದು ರಕ್ತವಲ್ಲ, ಕೀವು. ವಾರ ಕಳೆದಿದೆ ಅಂತ ಕಾಯಬೇಡಿ.

ಬೋಳುಗುಡ್ಡ

ಇರುವೆ ಹರಿದ ಹಾಗೆ ನನಗೂ ಆಗುತ್ತದೆ, ಹೊಟ್ಟಿನಿಂದಲೇ ಅಂತ ಕಾಣುತ್ತದೆ.

ರಾತ್ರಿಪಾಳಿ

ಬೇರೆ ಎಳೆ!!